ಐದು ಪಿರಿಯಡ್, ಆರು ಚೌಕ

ಲೆಕ್ಕದ ಮಿಸ್ ಆ ಶಾಲೆಗೆ ಬಂದು ಇನ್ನೂ ಎರಡನೆಯ ವಾರ. ಸ್ಟಾಫ್‌ರೂಮಿನಲ್ಲಿ ಯಾವ ಕುರ್ಚಿ ಯಾರದು ಎಂದು ಗೊತ್ತಾಗುವ ಮೊದಲೇ ಹೆಡ್‌ಮಿಸ್ ಒಳಗೆ ಕರೆದು ಅವಳ ಕೈಗೆ ಒಂದಿಷ್ಟು ಹಾಳೆ ಇಟ್ಟರು.

"ಟೈಮ್‌ಟೇಬಲ್ ನೀವೇ ಮಾಡ್ಬಿಡಿ. ಹೇಗೂ ಲೆಕ್ಕದವರಲ್ವಾ."

ಲೆಕ್ಕ ಬಂದವರಿಗೆ ಎಲ್ಲವೂ ಬರುತ್ತದೆ ಎಂದು ಈ ಲೋಕಕ್ಕೆ ಯಾರು ಹೇಳಿಕೊಟ್ಟರೋ ಕಾಣೆ. ಇಷ್ಟು ವರ್ಷ ಆ ಕೆಲಸವನ್ನು ಎಲ್ಲರೂ ದೊಡ್ಡ ಮೇಷ್ಟ್ರು ಎನ್ನುತ್ತಿದ್ದ ಒಬ್ಬ ಹಿರಿಯರು ಮಾಡುತ್ತಿದ್ದರಂತೆ. ಮಾಡುತ್ತಿದ್ದರು ಎಂದರೆ ತಲೆಯಲ್ಲಿ. ಎಲ್ಲರೂ ತಮಗೆ ಬೇಕಾದ್ದನ್ನು ವಾಕ್ಯಗಳಲ್ಲಿ ಬರೆದುಕೊಡುವುದು, ಅವರು ಓದಿ ನಕ್ಕು ಜೇಬಿಗಿಳಿಸುವುದು, ಮರುದಿನದಿಂದ ಕಾರಿಡಾರಿನಲ್ಲಿ ನಿಂತು "ನೀವು ಅಲ್ಲಿಗೆ, ನೀವು ಇಲ್ಲಿಗೆ" ಎಂದು ಕೈ ತೋರಿಸುವುದು. ಈ ವರ್ಷ ಅವರು ನಿವೃತ್ತರಾಗಿ ಮಗಳ ಮನೆಗೆಂದು ರೈಲು ಹತ್ತಿದರು. ತಲೆಯನ್ನೂ ಜೊತೆಗೇ ತೆಗೆದುಕೊಂಡು ಹೋದರು.

"ಈ ಸಲ ಇನ್ಸ್‌ಪೆಕ್ಟರ್ ಸಾಹೇಬರು ಗೋಡೆ ಮೇಲೆ ನೋಡ್ಬೇಕಂತೆ," ಎಂದರು ಹೆಡ್‌ಮಿಸ್. "ಚೌಕ ಚೌಕ ಹಾಕಿ, ದಿನ, ಪಿರಿಯಡ್, ತರಗತಿ ಎಲ್ಲಾ ಕಾಣೋ ಹಾಗೆ. ಶುಕ್ರವಾರ ಬರ್ತಾರೆ. ಇನ್ನೊಂದು ಮಾತು ಕೇಳಿ. ಪ್ರತಿ ತರಗತಿಗೂ ವಾರಕ್ಕೆ ಎರಡು ಸಂಗೀತ ಇರ್ಲೇಬೇಕು. ಒಂದು ಕಮ್ಮಿಯಾದ್ರೂ ಸಂಗೀತದ ಟೀಚರನ್ನ ನಮ್ಮಿಂದ ಕಿತ್ತು ಬೇರೆ ಶಾಲೆಗೆ ಕಳಿಸ್ತಾರೆ. ನಾನು ಬೇಡಿಕೊಂಡು ನೋಡಿದೆ. ಚೌಕದಲ್ಲಿದ್ರೆ ಇರ್ತಾರೆ, ಇಲ್ಲದಿದ್ರೆ ಇಲ್ಲ ಅಂದ್ಬಿಟ್ರು."

ಸಂಗೀತದ ಟೀಚರನ್ನು ಲೆಕ್ಕದ ಮಿಸ್ ನೋಡಿದ್ದು ಒಂದೇ ಬುಧವಾರ. ಐವತ್ತು ದಾಟಿದ ಹೆಂಗಸು, ಹೆಗಲಲ್ಲೊಂದು ಬಟ್ಟೆಯ ಚೀಲ, ಎರಡು ಬಸ್ಸು ಬದಲಿಸಿ ಬಂದ ಆಯಾಸ. ಉಳಿದ ನಾಲ್ಕು ದಿನ ನಾಲ್ಕು ಬೇರೆ ಶಾಲೆ. ಅವತ್ತು ಊಟದ ಹೊತ್ತಿಗೆ ಪಕ್ಕಕ್ಕೆ ಬಂದು ಕೂತು, ಹೊಸಬಳೆಂದು ತಿಳಿದು, ತನ್ನ ಡಬ್ಬಿಯ ಅರ್ಧವನ್ನು ಕೇಳದೇ ಬಡಿಸಿಬಿಟ್ಟಿದ್ದರು. "ನಾನು ಓದಿದ್ದು ಇಲ್ಲೇ ಕಣಮ್ಮಾ. ಆ ಮೂಲೆ ಬೆಂಚಲ್ಲಿ. ಬುಧವಾರ ಬಂತು ಅಂದ್ರೆ ನನಗೆ ತವರಿಗೆ ಹೊರಟ ಹಾಗೆ," ಎಂದಿದ್ದರು. ಶಾಲೆಗೆ ಬಂದ ಮೇಲೆ ಲೆಕ್ಕದ ಮಿಸ್‌ಗೆ ಸಿಕ್ಕ ಮೊದಲ ಪ್ರೀತಿ ಆ ಅರ್ಧ ಡಬ್ಬಿ. ಅಂಥವರನ್ನು ತಾನು ಗೆರೆ ಎಳೆಯುವಲ್ಲಿ ತಪ್ಪಿ ಕಳೆಯುವುದು ಅವಳಿಗೆ ಸುತರಾಂ ಬೇಡವಾಗಿತ್ತು.

ಮನೆಗೆ ಬಂದು ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿದಳು. ಮನೆಯಲ್ಲಿ ಇದ್ದವರು ಗಂಡ ಮತ್ತು ಅತ್ತೆ. ಗಂಡ ಟೈಲರ್, ಮುಂದಿನ ಕೋಣೆಯೇ ಅವನ ಅಂಗಡಿ. ಅತ್ತೆಗೆ ಕಣ್ಣು ಮಂದವಾಗಿ ಓದಲಾಗುತ್ತಿರಲಿಲ್ಲ, ಬಾಯಿ ಮಾತ್ರ ಮಂದವಾಗಿರಲಿಲ್ಲ.

"ಗಟ್ಟಿಯಾಗಿ ಓದೇ, ನನಗೂ ಕೇಳ್ಲಿ," ಎಂದರು ಅತ್ತೆ.

ಅವಳು ಓದಿದಳು. ವಿಜ್ಞಾನದ ಮೇಷ್ಟ್ರು ಬರೆದಿದ್ದರು: 'ಪ್ರತಿ ತರಗತಿಗೆ ಆರು ಪಿರಿಯಡ್ ಬೇಕು. ಹತ್ತನೆಯವರ ಪ್ರಯೋಗ ಮಂಗಳವಾರ ಊಟವಾದ ಮೇಲೆ ಎರಡು ಪಿರಿಯಡ್ ಒಟ್ಟಿಗೇ ಇರಲಿ. ಒಂದರಲ್ಲಿ ಗಾಜು ಒಡೆಯುತ್ತಾರೆ, ಇನ್ನೊಂದರಲ್ಲಿ ಗುಡಿಸಬೇಕು.' ಭಾಷೆಯ ಮೇಷ್ಟ್ರದು ಎರಡು ಪುಟ, ಅದರ ಸಾರಾಂಶ ಇಷ್ಟು: 'ತರಗತಿಗೆ ಏಳು. ಎಂಟನೆಯವರಿಗೆ ಊಟದ ನಂತರ ನನ್ನ ಪಾಠ ಇಡಬೇಡಿ, ನಿದ್ದೆ ಮಾಡುತ್ತಾರೆ. ಒಂಬತ್ತನೆಯವರಿಗೆ ಯಾವಾಗ ಇಟ್ಟರೂ ಒಂದೇ, ಅವರು ಬೆಳಿಗ್ಗೆಯೂ ನಿದ್ದೆ ಮಾಡುತ್ತಾರೆ.' ಸಮಾಜದ ಮಿಸ್: 'ತರಗತಿಗೆ ಆರು. ಒಂದು ದಿನದಲ್ಲಿ ನಾಲ್ಕು ಪಿರಿಯಡ್ ದಾಟಿದರೆ ನನ್ನ ಗಂಟಲು ಕೂರುತ್ತದೆ.' ಹೆಡ್‌ಮಿಸ್ ತಮಗೆ ತರಗತಿಗೊಂದು ಇಟ್ಟುಕೊಂಡು, 'ಹತ್ತನೆಯವರು ಪರೀಕ್ಷೆಯವರು, ಅವರನ್ನು ಯಾವ ಪಾಠಕ್ಕೂ ಬೇರೆ ತರಗತಿಯ ಜೊತೆ ಕೂರಿಸಬಾರದು' ಎಂದು ಕೆಳಗೆ ಗೆರೆ ಎಳೆದಿದ್ದರು. ಸಂಗೀತದ ಟೀಚರ್ ಬರೆದದ್ದು ಒಂದೂವರೆ ಸಾಲು: 'ನನಗೆ ಬುಧವಾರ ಮಾತ್ರ. ಆ ದಿನ ಎಲ್ಲಿ ಕೂರಿಸಿದರೂ ಕೂರುತ್ತೇನೆ.' ಕೊನೆಯ ಹಾಳೆ ಪೀಟಿ ಮೇಷ್ಟ್ರದು. ಅದರಲ್ಲಿದ್ದದ್ದು ಒಂದೇ ಪದ: 'ಎಂದಿನಂತೆ.'

"ಅಷ್ಟೇನಾ?" ಎಂದರು ಅತ್ತೆ.

"ಅಷ್ಟೇ. ಅವರು ಮಕ್ಕಳನ್ನ ಪಂದ್ಯಕ್ಕೆ ಕರ್ಕೊಂಡು ಹೋಗಿದಾರೆ, ಗುರುವಾರದವರೆಗೆ ಬರಲ್ಲ. ಭಾಷೆಯ ಮೇಷ್ಟ್ರನ್ನ ಕೇಳಿದೆ. ಪೀಟಿಯವರು ಯಾವಾಗಲೂ ಕೆಳಗಿನ ಶಾಲೆಯ ಚಿಕ್ಕ ಮಕ್ಕಳ ಜೊತೆ ಇರ್ತಾರೆ, ನಮಗೇನೂ ಅಡ್ಡಿಯಿಲ್ಲ ಅಂದ್ರು."

"ಹಂಗಾದ್ರೆ ಆ ಮಹಾಶಯನ ಚಿಂತೆ ಬಿಡು."

ಬಿಟ್ಟಳು. ಎಡವಟ್ಟು ಆದದ್ದು ಅಲ್ಲಿಯೇ, ಆದರೆ ಅದು ಆಗ ಗೊತ್ತಾಗಲಿಲ್ಲ. ಎಡವಟ್ಟುಗಳು ಎಂದಾದರೂ ಮುಂಚೆ ಹೇಳಿ ಬರುತ್ತವೆಯೇ?

ಒಂದು ದೊಡ್ಡ ಹಾಳೆ ತೆಗೆದುಕೊಂಡು ಗೆರೆ ಎಳೆದಳು. ಮೇಲಿನಿಂದ ಕೆಳಕ್ಕೆ ಐದು ದಿನ. ಒಂದೊಂದು ದಿನಕ್ಕೂ ಮೂರು ಸಾಲು: ಎಂಟು, ಒಂಬತ್ತು, ಹತ್ತು. ಅಡ್ಡಕ್ಕೆ ಆರು ಪಿರಿಯಡ್, ಮೂರು ಊಟಕ್ಕೆ ಮುಂಚೆ, ಮೂರು ಆಮೇಲೆ. ಅಲ್ಲಿಗೆ ಪ್ರತಿ ತರಗತಿಗೂ ಮೂವತ್ತು ಚೌಕ. ಪಾಠಗಳನ್ನು ಚೀಟಿಯಲ್ಲಿ ಬರೆದು ಚೌಕಗಳ ಮೇಲೆ ಇಟ್ಟು ಮುಗಿಸುವ ಹೊತ್ತಿಗೆ ಗಂಡ ಸೆಖೆ ಎಂದು ಬಂದು ಫ್ಯಾನ್ ಹಾಕಿದ. ವಿಜ್ಞಾನ ಅಡುಗೆಮನೆಗೆ ಹೋಯಿತು, ಭಾಷೆ ಅತ್ತೆಯ ಮಡಿಲಿಗೆ ಬಂತು, ಸಮಾಜ ಎಲ್ಲಿ ಹೋಯಿತೆಂದು ಇಂದಿಗೂ ಗೊತ್ತಿಲ್ಲ.

ಅವಳು ಗಂಡನನ್ನೇ ನೋಡಿದಳು. ಹೆಂಡತಿ ಬೈದರೆ ತಡೆದುಕೊಳ್ಳಬಹುದು, ಹಾಗೆ ನೋಡಿದರೆ ಕಷ್ಟ. ಅವನು ಒಳಗೆ ಓಡಿಹೋಗಿ ಗುಂಡಿಯ ಡಬ್ಬಿ ತಂದು ಮೇಜಿನ ಮೇಲಿಟ್ಟ.

"ಇವು ಹಾರಲ್ಲ," ಎಂದ.

ಒಳ್ಳೆಯ ಗಂಡ ಎಂದರೆ ತಪ್ಪೇ ಮಾಡದವನಲ್ಲ, ತಪ್ಪಿನ ಹಿಂದೆಯೇ ಗುಂಡಿಯ ಡಬ್ಬಿ ತರುವವನು. ಲೆಕ್ಕಕ್ಕೆ ಬಿಳಿ ಅಂಗಿಯ ಗುಂಡಿ, ಭಾಷೆಗೆ ಕಪ್ಪು, ವಿಜ್ಞಾನಕ್ಕೆ ನೀಲಿ, ಸಮಾಜಕ್ಕೆ ಹಳದಿ, ಹೆಡ್‌ಮಿಸ್‌ಗೆ ಕೋಟಿನ ದಪ್ಪ ಕಂದು ಗುಂಡಿ, ಸಂಗೀತಕ್ಕೆ ಕೆಂಪು. ನಿಯಮ ಅತ್ತೆಗೂ ಅರ್ಥವಾಗುವಷ್ಟು ಸರಳ: ಒಂದು ಚೌಕದಲ್ಲಿ ಒಂದೇ ಗುಂಡಿ, ಒಂದು ದಿನದ ಒಂದು ಪಿರಿಯಡ್‌ನಲ್ಲಿ ಮೇಲಿಂದ ಕೆಳಗೆ ನೋಡಿದರೆ ಒಂದೇ ಬಣ್ಣ ಎರಡು ಸಲ ಬರಬಾರದು.

"ಅದ್ಯಾಕೆ?" ಎಂದರು ಅತ್ತೆ.

"ಒಬ್ಬರೇ ಮೇಷ್ಟ್ರು ಒಂದೇ ಹೊತ್ತಿಗೆ ಎರಡು ಕೋಣೇಲಿ ಇರಕ್ಕಾಗತ್ತಾ ಅತ್ತೆ?"

"ನಿಮ್ಮ ಮಾವ ಇರ್ತಿದ್ರು. ಇಲ್ಲೂ ಇಲ್ಲ ಅಲ್ಲೂ ಇಲ್ಲ, ಆದ್ರೆ ಎರಡು ಕಡೇನೂ ಇದ್ದೀನಿ ಅಂತಿದ್ರು."

ಮೊದಲು ಕೆಂಪು ಇಟ್ಟಳು, ಯಾಕೆಂದರೆ ಅದಕ್ಕೆ ಬೇರೆ ದಿನವಿಲ್ಲ. ಹಠ ಹಿಡಿದ ಗುಂಡಿಗಳನ್ನು ಮೊದಲು ಕೂರಿಸಬೇಕು, ಹೇಳಿದ ಮಾತು ಕೇಳುವವನ್ನು ಕೊನೆಗೆ. ಮನೆಯಲ್ಲಿ ನೆಂಟರನ್ನು ಮಲಗಿಸುವಾಗಲೂ ಹಾಗೆಯೇ. ಬುಧವಾರ ಮೊದಲ ಪಿರಿಯಡ್ ಹತ್ತನೆಯವರಿಗೆ, ಎರಡು ಒಂಬತ್ತಕ್ಕೆ, ಮೂರು ಎಂಟಕ್ಕೆ. ಊಟವಾದ ಮೇಲೆ ಮತ್ತೆ ಅದೇ ಸರದಿ: ನಾಲ್ಕು ಹತ್ತಕ್ಕೆ, ಐದು ಒಂಬತ್ತಕ್ಕೆ, ಆರು ಎಂಟಕ್ಕೆ. ಆರು ಪಿರಿಯಡ್, ಆರು ಕೆಂಪು ಗುಂಡಿ, ತರಗತಿಗೆ ಎರಡೆರಡು. ಆಮೇಲೆ ಮಂಗಳವಾರದ ಜೋಡಿ ನೀಲಿ. ಆಮೇಲೆ ಉಳಿದವು. ಎರಡು ಸಂಜೆ ಹಿಡಿಯಿತು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಆದರೂ ಬುಧವಾರ ಸಂಜೆಗೆ ಕೊನೆಯ ಕಪ್ಪು ಗುಂಡಿ ಕೂತಿತು, ಎಲ್ಲರ ಎಲ್ಲ ವಾಕ್ಯವೂ ಚೌಕಕ್ಕೆ ಬಂದಿತ್ತು.

ಉಳಿದದ್ದು ಒಂದು ಸಣ್ಣ ಸೋಜಿಗ. ಅವಳ ಲೆಕ್ಕಕ್ಕೆ ಏಳು, ಭಾಷೆಗೆ ಏಳು, ಆಮೇಲೆ ಆರು, ಆರು, ಎರಡು, ಒಂದು, ಕೂಡಿದರೆ ಇಪ್ಪತ್ತೊಂಬತ್ತು. ಮೂರು ತರಗತಿಯಲ್ಲೂ ಒಂದೊಂದು ಚೌಕ ಖಾಲಿ ಬಿದ್ದಿತ್ತು: ಎಂಟಕ್ಕೆ ಮಂಗಳವಾರ ನಾಲ್ಕನೆಯದು, ಒಂಬತ್ತಕ್ಕೆ ಗುರುವಾರ ಎರಡನೆಯದು, ಹತ್ತಕ್ಕೆ ಸೋಮವಾರ ಐದನೆಯದು. ಮೂರೂ ತರಗತಿಗೆ ಸರಿಯಾಗಿ ಒಂದೊಂದೇ ಉಳಿಯುವುದೆಂದರೆ ಏನೋ ಇದೆ ಎಂದು ಲೆಕ್ಕ ಕಲಿತವಳಿಗೆ ಅನ್ನಿಸಬೇಕಿತ್ತು. ಸುಸ್ತಾದವಳಿಗೆ ಅನ್ನಿಸಲಿಲ್ಲ. 'ಗ್ರಂಥಾಲಯ' ಎಂದು ಬರೆದು ಕೈ ತೊಳೆದುಕೊಂಡಳು.

ಗುರುವಾರ ಬೆಳಿಗ್ಗೆ ಬಣ್ಣದ ಪೆನ್ಸಿಲಿನಲ್ಲಿ ಅಂದವಾಗಿ ಬರೆದ ಹಾಳೆಯನ್ನು ಕಾರಿಡಾರಿನ ಬೋರ್ಡಿಗೆ ಚುಚ್ಚಿದಳು. ಮಕ್ಕಳು ಮುಗಿಬಿದ್ದರು. ಮೊದಲು ಗಲಾಟೆ, ಆಮೇಲೆ ಗುಸುಗುಸು. ಎರಡು ಜಡೆಯ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಿರುಗಿ ಕೇಳಿದಳು.

"ಮಿಸ್, ಗ್ರೌಂಡ್ ಎಲ್ಲಿ?"

"ಯಾವ ಗ್ರೌಂಡು?"

"ಬುಧವಾರ ಲಾಸ್ಟ್ ಪಿರಿಯಡ್ ಮಿಸ್. ಎಲ್ಲರೂ ಹೋಗ್ತೀವಲ್ಲಾ."

ಹಿಂದಿನಿಂದ ಕೆಮ್ಮಿದ ಸದ್ದು. ಬಿಸಿಲಿಗೆ ಕಪ್ಪಾದ ಮುಖ, ಕೊರಳಲ್ಲಿ ಸೀಟಿ. ಪಂದ್ಯ ಮುಗಿಸಿ ಬಂದ ಪೀಟಿ ಮೇಷ್ಟ್ರು.

"ಎಂದಿನಂತೆ ಅಂತ ಬರೆದಿದ್ನಲ್ಲಾ," ಎಂದರು ಮೆಲ್ಲಗೆ.

ಸ್ಟಾಫ್‌ರೂಮಿನಲ್ಲಿ ವಿಷಯ ಬಯಲಾಯಿತು. ಆಟದ ಮೈದಾನ ಒಂದೇ. ವಾರವೆಲ್ಲ ಅದು ಕೆಳಗಿನ ಶಾಲೆಯ ಚಿಕ್ಕ ಮಕ್ಕಳದು, ಪೀಟಿ ಮೇಷ್ಟ್ರೂ ಅವರ ಜೊತೆಗೇ. ಬುಧವಾರ ಮಾತ್ರ ಚಿಕ್ಕವರು ಒಂದು ಪಿರಿಯಡ್ ಮುಂಚೆ ಮನೆಗೆ ಹೋಗುತ್ತಾರೆ. ಆ ಕೊನೆಯ ಪಿರಿಯಡ್ ದೊಡ್ಡ ಮಕ್ಕಳು ಮೂರೂ ತರಗತಿಯವರು ಒಟ್ಟಿಗೆ ಮೈದಾನಕ್ಕೆ. ಅವರಿಗೆ ವಾರದಲ್ಲಿ ಸಿಗುವ ಆಟ ಅದೊಂದೇ. ಹೋದ ಬುಧವಾರ ಮಳೆ, ನಿನ್ನೆ ಪಂದ್ಯ, ಹಾಗಾಗಿ ಹೊಸಬಳ ಕಣ್ಣಿಗೆ ಅದು ಬಿದ್ದಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಯಾರೂ ಬರೆದಿರಲಿಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದು ಯಾರು ಅರ್ಜಿ ಬರೆಯುತ್ತಾರೆ?

"ನನಗೆ ಹೇಳಬಾರದಿತ್ತಾ ಸಾರ್?" ಎಂದು ಲೆಕ್ಕದ ಮಿಸ್ ಭಾಷೆಯ ಮೇಷ್ಟ್ರನ್ನು ಕೇಳಿದಳು.

"ನೀವು ಪಾಠದ ವಿಷಯ ಕೇಳಿದ್ರಿ ಅಂದ್ಕೊಂಡೆ ತಾಯಿ," ಎಂದು ಅವರು ತಲೆ ತುರಿಸಿಕೊಂಡರು. ಎರಡು ಪುಟ ಬರೆಯುವವರಿಗೆ ಬೇಕಾದ ಒಂದು ಸಾಲು ಹೊಳೆಯುವುದಿಲ್ಲ.

ಮೈದಾನವನ್ನು ತಂದರೆ ಬುಧವಾರದ ಕೊನೆಯ ಪಿರಿಯಡ್‌ನ ಮೂರು ಪಾಠ ಎದ್ದು ಹೋಗಬೇಕು: ಹತ್ತನೆಯವರ ಭಾಷೆ, ಒಂಬತ್ತನೆಯವರ ಸಮಾಜ, ಎಂಟನೆಯವರ ಸಂಗೀತ. ಖಾಲಿ ಚೌಕ ಮೂರಿವೆ, ಸರಿ. ಹತ್ತರ ಭಾಷೆಯನ್ನು ಸೋಮವಾರದ ಖಾಲಿಗೆ ಕಳಿಸಬಹುದು, ಆಗ ಭಾಷೆಯ ಮೇಷ್ಟ್ರಿಗೆ ಬಿಡುವಿದೆ. ಒಂಬತ್ತರ ಸಮಾಜವನ್ನು ಗುರುವಾರಕ್ಕೆ ಕಳಿಸಬಹುದು; ಆ ದಿನ ಸಮಾಜದ ಮಿಸ್‌ಗೆ ಇದ್ದದ್ದು ಮೂರೇ, ನಾಲ್ಕಾದರೂ ಗಂಟಲು ಉಳಿಯುತ್ತದೆ. ಎಂಟರ ಸಂಗೀತಕ್ಕೆ ಉಳಿದ ಖಾಲಿ ಮಂಗಳವಾರ. ಮಂಗಳವಾರ ಸಂಗೀತದ ಟೀಚರ್ ಇನ್ನೆಲ್ಲೋ, ಇನ್ಯಾವುದೋ ಶಾಲೆಯಲ್ಲಿ. ಎಂಟನೆಯವರಿಗೆ ಒಂದೇ ಸಂಗೀತ ಉಳಿಯುತ್ತದೆ. ನಾಳೆ ಸಾಹೇಬರು ಬರುತ್ತಾರೆ.

ಪೀಟಿ ಮೇಷ್ಟ್ರು ಸೀಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟರು.

"ಗ್ರೌಂಡ್ ಬಿಟ್ಬಿಡೋಣ ಮಿಸ್. ಆ ಯಮ್ಮ ಹೋಗಬಾರದು."

ಅವರಿಬ್ಬರೂ ಹಾವು ಮುಂಗುಸಿ ಎಂದು ಶಾಲೆಯೇ ಹೇಳುತ್ತಿತ್ತು. ಇವರ ಸೀಟಿ ಕೇಳಿದರೆ ಅವರ ಶ್ರುತಿ ತಪ್ಪುತ್ತದೆಂದು ಪ್ರತಿ ಬುಧವಾರ ಜಗಳ. ಆ ಮನುಷ್ಯನ ಬಾಯಲ್ಲಿ ಈ ಮಾತು ಕೇಳಿ ಲೆಕ್ಕದ ಮಿಸ್‌ಗೆ ಅಳು ಬಂತು, ಸಿಟ್ಟೂ ಬಂತು.

"ಒಬ್ಬರ ಸಂತೋಷ ಕಿತ್ತು ಇನ್ನೊಬ್ಬರಿಗೆ ಕೊಡಕ್ಕೆ ಟೈಮ್‌ಟೇಬಲ್ ಯಾಕೆ ಬೇಕು ಸಾರ್? ಇವತ್ತೊಂದು ಸಂಜೆ ಕೊಡಿ," ಎಂದಳು.

ಮನೆಗೆ ಬಂದು ಗುಂಡಿಗಳನ್ನು ಮತ್ತೆ ಹರಡಿದಳು. ಹತ್ತರ ಕಪ್ಪು ಸೋಮವಾರಕ್ಕೆ, ಒಂಬತ್ತರ ಹಳದಿ ಗುರುವಾರಕ್ಕೆ. ಎಂಟರ ಕೆಂಪು ಅವಳ ಬೆರಳಿನ ನಡುವೆಯೇ ಉಳಿಯಿತು. ಬುಧವಾರದ ಕೊನೆಯಲ್ಲಿ ಮೂರು ಚೌಕ ಬರಿದಾದವು, ಅಲ್ಲಿ ಮೈದಾನ ಬರಬೇಕು.

"ಹಸಿರು ಗುಂಡಿ ಮೂರು ಕೊಡಿ," ಎಂದಳು ಗಂಡನಿಗೆ.

ಅವನು ಡಬ್ಬಿ ಕೆದಕಿದ. "ಹಸಿರು ಒಂದೂ ಇಲ್ವಲ್ಲೇ. ಯಾರೂ ಹಸಿರು ಅಂಗಿ ಹೊಲಿಸಲ್ಲ. ಹಸಿರು ಟೇಪ್ ಇದೆ, ಲಂಗದ ಅಂಚಿಗೆ ಹಾಕೋದು. ಆಗತ್ತಾ?"

ಒಂದು ತುಂಡು ಕತ್ತರಿಸಿ ಕೊಟ್ಟ. ಅವಳು ಅದನ್ನು ಎಂಟು, ಒಂಬತ್ತು, ಹತ್ತು ಮೂರೂ ಚೌಕದ ಮೇಲೆ ಮೇಲಿಂದ ಕೆಳಗೆ ಉದ್ದಕ್ಕೆ ಎಳೆದಿಟ್ಟಳು. ಮೂರು ತರಗತಿ, ಒಂದು ಮೈದಾನ, ಒಬ್ಬ ಮೇಷ್ಟ್ರು, ಒಂದೇ ತುಂಡು.

ನೋಡುತ್ತಾ ಕೂತಳು. ಕೂತೇ ಇದ್ದಳು.

"ಏನೇ, ದೆವ್ವ ಹಿಡಿದವಳ ಹಾಗೆ?" ಎಂದರು ಅತ್ತೆ.

"ಅತ್ತೆ, ಒಂದೇ ಬಣ್ಣ ಎರಡು ಸಲ ಬರಬಾರದು ಅಂತ ನಾನೇ ನಿಯಮ ಮಾಡಿದ್ದೆ."

"ಹೂಂ."

"ಒಬ್ಬರು ಎರಡು ಕೋಣೇಲಿ ಇರಕ್ಕಾಗಲ್ಲ ಅಂತ. ಆದ್ರೆ ಎರಡು ತರಗತಿ ಒಂದೇ ಕೋಣೇಲಿ ಇರಬಹುದಲ್ಲಾ."

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗಿತ್ತು. ಆದರೆ ತುಪ್ಪ ಕಾಯಿಸುವುದು ಇನ್ನೂ ಇತ್ತು. ಎಂಟನೆಯವರನ್ನು ಯಾರ ಜೊತೆ ಕೂರಿಸುವುದು? ಹತ್ತನೆಯವರ ಜೊತೆ ಆಗದು, ಹೆಡ್‌ಮಿಸ್ ಗೆರೆ ಎಳೆದಿದ್ದಾರೆ. ಮೈದಾನದ ಮಾತು ಬೇರೆ, ಅದು ಪಾಠವಲ್ಲವಲ್ಲ. ಒಂಬತ್ತನೆಯವರಿಗೆ ಬುಧವಾರ ಸಂಗೀತ ಇರುವುದು ಎರಡನೆಯ ಮತ್ತು ಐದನೆಯ ಪಿರಿಯಡ್. ಎರಡನೆಯದರಲ್ಲಿ ಎಂಟನೆಯವರಿಗೆ ಭಾಷೆ. ಅದನ್ನು ಎಬ್ಬಿಸಿ ಮಂಗಳವಾರದ ಖಾಲಿ ಚೌಕಕ್ಕೆ ಕಳಿಸೋಣವೆಂದರೆ, ಆಗ ಭಾಷೆಯ ಮೇಷ್ಟ್ರು ಒಂಬತ್ತನೆಯವರಲ್ಲಿ. ಮೇಲಾಗಿ ಅದು ಊಟದ ನಂತರ, ಎಂಟನೆಯವರ ನಿದ್ದೆಯ ಹೊತ್ತು. ಉಳಿದದ್ದು ಐದನೆಯದು. ಬುಧವಾರ ಐದನೆಯದರಲ್ಲಿ ಎಂಟನೆಯವರಿಗೆ ಏನಿದೆ? ಬಿಳಿ ಗುಂಡಿ. ಅವಳದೇ ಲೆಕ್ಕ.

ಮಂಗಳವಾರ ನಾಲ್ಕನೆಯ ಪಿರಿಯಡ್ ನೋಡಿದಳು. ಒಂಬತ್ತರಲ್ಲಿ ಕಪ್ಪು, ಹತ್ತರಲ್ಲಿ ಪ್ರಯೋಗದ ನೀಲಿ. ಬಿಳಿ ಇಲ್ಲ. ಅದು ಅವಳ ಬಿಡುವು. ಊಟವಾದ ಮೇಲೆ ಕಾಲು ಚಾಚಿ ಕೂರಬಹುದೆಂದು ಆಸೆಯಿಂದ ಉಳಿಸಿಕೊಂಡ ಬಿಡುವು.

"ಹೋಗ್ಲಿ ಬಿಡು," ಎಂದು ತನಗೆ ತಾನೇ ಹೇಳಿಕೊಂಡು ಬಿಳಿ ಗುಂಡಿಯನ್ನು ಬುಧವಾರದಿಂದ ಎತ್ತಿ ಮಂಗಳವಾರಕ್ಕೆ ಇಟ್ಟಳು. ಬುಧವಾರ ಐದನೆಯ ಪಿರಿಯಡ್‌ನಲ್ಲಿ ಎಂಟು ಬರಿದಾಯಿತು, ಅದರ ಕೆಳಗೇ ಒಂಬತ್ತರ ಕೆಂಪು. ಗಂಡ ಕೇಳದೆಯೇ ಕೆಂಪು ಟೇಪಿನ ತುಂಡು ಕತ್ತರಿಸಿದ. ಎರಡು ಚೌಕಕ್ಕೂ ಸರಿಯಾಗಿ ಕೂತಿತು. ಟೈಲರ್ ಅಲ್ಲವೇ, ಕಣ್ಣಳತೆ.

ಮೂವರೂ ಮೇಜಿನ ಸುತ್ತ ನಿಂತು ಪ್ರತಿ ಸಾಲನ್ನೂ ಪ್ರತಿ ಪಿರಿಯಡನ್ನೂ ಮತ್ತೊಮ್ಮೆ ನೋಡಿದರು. ಖಾಲಿ ಚೌಕ ಒಂದೂ ಇರಲಿಲ್ಲ. ಎಲ್ಲೂ ಬಣ್ಣಕ್ಕೆ ಬಣ್ಣ ಡಿಕ್ಕಿ ಹೊಡೆದಿರಲಿಲ್ಲ. ಅತ್ತೆ ಬೆರಳಿನಿಂದ ಮುಟ್ಟಿ ನೋಡಿ, "ಚೆನ್ನಾಗಿ ಕೂತಿದೆ ಕಣೇ. ಇನ್ನು ಯಾರೂ ಫ್ಯಾನ್ ಹಾಕಬೇಡಿ," ಎಂದರು. ಗುಂಡಿಗಳಿಗೆ ಫ್ಯಾನಿನ ಭಯವಿಲ್ಲವೆಂದು ಗೊತ್ತಿದ್ದೂ ಆ ಸಂಜೆ ಯಾರೂ ಹಾಕಲಿಲ್ಲ. ಬೆವರುತ್ತಲೇ ಊಟ ಮಾಡಿದರು, ನಗುತ್ತಲೇ.

ಶುಕ್ರವಾರ ಬೆಳಿಗ್ಗೆ ಹೊಸದಾಗಿ ಬರೆದ ಹಾಳೆ ಬೋರ್ಡಿಗೇರಿತು, ಹಿಂದೆಯೇ ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಕನ್ನಡಕವನ್ನು ಹಣೆಗೇರಿಸಿ ಹಾಳೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಚೌಕಗಳ ಮೇಲೆ ಪೆನ್ನು ಓಡಿಸಿದರು. ಅವರ ಪೆನ್ನು ಕೆಂಪು ಪಟ್ಟಿಯ ಮೇಲೆ ನಿಂತಿತು.

"ಇದೇನ್ರೀ ಇದು?"

"ಸಾರ್, ಎಂಟು ಒಂಬತ್ತು ಒಟ್ಟಿಗೆ," ಎಂದಳು ಲೆಕ್ಕದ ಮಿಸ್. "ಎಂಟಕ್ಕೆ ಮೂರನೇದು ಬೇರೆಯಾಗಿ, ಐದನೇದು ಜೊತೆಯಾಗಿ. ಒಂಬತ್ತಕ್ಕೆ ಎರಡನೇದು ಬೇರೆ, ಐದನೇದು ಜೊತೆ. ಹತ್ತಕ್ಕೆ ಒಂದನೇದು, ನಾಲ್ಕನೇದು. ತರಗತಿಗೆ ಎರಡೆರಡು ಇದೆ."

"ಎರಡು ತರಗತಿ ಒಂದೇ ಕಡೆ ತುಂಬಿದ್ರೆ ಅದು ಪಾಠವೋ ಸಂತೆಯೋ?"

ಬಾಗಿಲ ಬಳಿ ನಿಂತಿದ್ದ ಪೀಟಿ ಮೇಷ್ಟ್ರು ಮುಂದೆ ಬಂದರು. "ಸಾರ್, ಪಕ್ಕದ ಹಸಿರು ಪಟ್ಟಿ ನನ್ನದು. ಮೂರು ತರಗತಿ ಒಟ್ಟಿಗೆ. ವರ್ಷಾ ವರ್ಷಾ ನೀವು ಮೈದಾನಕ್ಕೆ ಬಂದು ನೋಡಿ ಅದನ್ನ ಒಪ್ಪಿದೀರಿ. ನನ್ನದು ಸಂತೆ ಅಲ್ಲ ಅಂದ್ಮೇಲೆ ಆ ಯಮ್ಮಂದು ಹೇಗೆ ಸಂತೆ ಆಗತ್ತೆ?"

ಸಾಹೇಬರು ಕನ್ನಡಕ ಕೆಳಗಿಳಿಸಿ ಅವರನ್ನೊಮ್ಮೆ ನೋಡಿದರು. ನಗಲಿಲ್ಲ, ಬೈಯಲೂ ಇಲ್ಲ. "ಬುಧವಾರ ಬರ್ತೀನಿ. ಕಿವಿಯಿಂದ ಕೇಳಿ ಹೇಳ್ತೀನಿ. ಅಲ್ಲೀವರೆಗೆ ಸಹಿ ಹಾಕಲ್ಲ," ಎಂದು ಹೊರಟುಬಿಟ್ಟರು.

ಹೆಡ್‌ಮಿಸ್ ಸಂಗೀತದ ಟೀಚರಿಗೆ ಫೋನು ಮಾಡಿ ವಿಷಯವೆಲ್ಲ ಹೇಳಿದರು. "ಎರಡು ತರಗತಿ ಒಟ್ಟಿಗೆ ಹಾಡಿಸಬೇಕು ಅಂತ ಎಷ್ಟು ವರ್ಷದಿಂದ ಕೇಳ್ತಾ ಇದ್ದೆ. ದೊಡ್ಡ ಮೇಷ್ಟ್ರು ನಕ್ಕು ಸುಮ್ಮನಾಗ್ತಿದ್ರು. ಬರ್ತಾರಾ ಸಾಹೇಬರು? ಬರ್ಲಿ," ಎಂದರಂತೆ.

ಬುಧವಾರ ಊಟವಾದ ಮೇಲೆ ಐದನೆಯ ಪಿರಿಯಡ್‌ನ ಗಂಟೆ ಹೊಡೆಯಿತು. ಎರಡು ತರಗತಿಯ ಮಕ್ಕಳು ಒಂಬತ್ತನೆಯ ಕೋಣೆಗೆ ನುಗ್ಗಿದರು. ಬೆಂಚು ಸಾಲಲಿಲ್ಲ, ಕಿಟಕಿಯ ಕಟ್ಟೆ ಮೇಲೆ, ನೆಲದ ಮೇಲೆ, ಕರಿಹಲಗೆಯ ಕೆಳಗೆ ಎಲ್ಲೆಲ್ಲೂ ಮಕ್ಕಳು. ಮೊದಲ ಎರಡು ನಿಮಿಷ ಅದು ಸಂತೆಯೇ ಆಗಿತ್ತು, ಸುಳ್ಳು ಯಾಕೆ ಹೇಳಬೇಕು. ಸಾಹೇಬರು ಬಾಗಿಲಲ್ಲಿ ಕೈಕಟ್ಟಿ ನಿಂತರು. ಆ ಪಿರಿಯಡ್ ಈಗ ಲೆಕ್ಕದ ಮಿಸ್‌ಗೆ ಬಿಡುವು. ಸ್ಟಾಫ್‌ರೂಮಿನಲ್ಲಿ ತಿದ್ದಲು ರಾಶಿ ಪುಸ್ತಕವಿತ್ತು. ತಿದ್ದಲಿಲ್ಲ. ಕಾರಿಡಾರಿನಲ್ಲಿ ಕಂಬ ಹಿಡಿದು ನಿಂತಳು.

ಸಂಗೀತದ ಟೀಚರ್ ಗದರಲಿಲ್ಲ. ಎಂಟನೆಯವರನ್ನು ಎಡಕ್ಕೆ, ಒಂಬತ್ತನೆಯವರನ್ನು ಬಲಕ್ಕೆ ಕೂರಿಸಿ, ಎಡದವರಿಂದ ಒಂದು ಸಾಲು ಹಾಡಿಸಿದರು. ಮೂರನೆಯ ಪಿರಿಯಡ್‌ನಲ್ಲಿ ಅವರು ಕಲಿತದ್ದು ಅದೇ. ಬಲದವರಿಂದ ಇನ್ನೊಂದು ಸಾಲು, ಎರಡನೆಯ ಪಿರಿಯಡ್‌ನದು. ಬೇರೆ ಬೇರೆಯಾಗಿ ಕೇಳಿದರೆ ಎರಡೂ ಅರೆಬರೆ ಅನ್ನಿಸುತ್ತಿದ್ದವು. ಆಮೇಲೆ ಎರಡೂ ಕೈ ಎತ್ತಿ ಒಟ್ಟಿಗೆ ಹಾಡಿಸಿದರು. ಒಂದು ಸಾಲು ಕೇಳಿದ ಪ್ರಶ್ನೆಗೆ ಇನ್ನೊಂದು ಉತ್ತರ ಕೊಡುವ ಹಾಗೆ ಅವೆರಡೂ ಸೇರಿಕೊಂಡವು. ಒಂಬತ್ತನೆಯವರ ಒಡೆಯುತ್ತಿದ್ದ ಗಂಟಲುಗಳು ಕೆಳಗೆ, ಎಂಟನೆಯವರ ಎಳೆಯ ಗಂಟಲುಗಳು ಮೇಲೆ. ಬೆಳಿಗ್ಗೆಯೂ ನಿದ್ದೆ ಮಾಡುವ ಒಂಬತ್ತನೆಯವರಲ್ಲಿ ಒಬ್ಬನೂ ಕಣ್ಣು ಮುಚ್ಚಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಹತ್ತನೆಯವರಿಗೆ ವಿಜ್ಞಾನ ನಡೆಯುತ್ತಿತ್ತು. ನಡೆಯುತ್ತಿತ್ತು ಅನ್ನಬಾರದು, ನಿಂತಿತ್ತು. ವಿಜ್ಞಾನದ ಮೇಷ್ಟ್ರು ಬಾಗಿಲು ತೆರೆದು ಚಾಕ್‌ಪೀಸ್ ಹಿಡಿದುಕೊಂಡೇ ಹೊರಗೆ ಬಂದು ಲೆಕ್ಕದ ಮಿಸ್ ಪಕ್ಕದಲ್ಲಿ ನಿಂತರು.

"ಮಿಸ್, ಈ ಪಿರಿಯಡ್‌ನಲ್ಲಿ ನನಗೆ ಪಾಠ ಮಾಡಕ್ಕಾಗಲ್ಲ," ಎಂದರು.

ಅವಳು ಗಾಬರಿಯಾದಳು. "ಬೇರೆ ಕಡೆ ಹಾಕಕ್ಕೆ ಚೌಕ ಇಲ್ಲ ಸಾರ್."

"ಬೇಡ ಬೇಡ. ಇಲ್ಲೇ ಇರ್ಲಿ. ನನ್ನ ಮಕ್ಕಳೂ ಕೇಳ್ಲಿ ಅಂದೆ."

ಹಾಡು ಮುಗಿಯಿತು. ಸಾಹೇಬರು ಕೈಕಟ್ಟನ್ನು ಬಿಚ್ಚಿದ್ದು ಯಾವಾಗಲೋ, ಅವರ ಬೆರಳು ಬಾಗಿಲ ಚೌಕಟ್ಟಿನ ಮೇಲೆ ತಾಳ ಹಾಕುತ್ತಿತ್ತು. ಅದನ್ನು ತಾವೇ ಕಂಡು ಸರಕ್ಕನೆ ಜೇಬಿಗೆ ಹಾಕಿದರು. ಜೇಬಿನಿಂದ ಬಂದದ್ದು ಪೆನ್ನು. ನೆಟ್ಟಗೆ ಬೋರ್ಡಿನ ಹತ್ತಿರ ಹೋಗಿ ಹಾಳೆಯ ಮೂಲೆಯಲ್ಲಿ ಸಹಿ ಹಾಕಿ, "ಸಂತೆ ಅಲ್ಲ," ಎಂದಷ್ಟೇ ಹೇಳಿ ಹೊರಟರು. ಮಕ್ಕಳು ಕಿರುಚಿದ ಸದ್ದಿಗೆ ಗಂಟೆ ಹೊಡೆದದ್ದೇ ಕೇಳಿಸಲಿಲ್ಲ. ಪೀಟಿ ಮೇಷ್ಟ್ರು ಸೀಟಿ ಊದಿದರು, ಮೂರು ತರಗತಿಯೂ ಮೈದಾನಕ್ಕೆ ಓಡಿತು. ಅವತ್ತು ಅವರ ಸೀಟಿಗೆ ಸಂಗೀತದ ಟೀಚರ್ ಬೈಯಲಿಲ್ಲ.

ಖಾಲಿಯಾದ ಕಾರಿಡಾರಿನಲ್ಲಿ ಅವರು ಚೀಲ ಹೆಗಲಿಗೆ ಹಾಕಿಕೊಂಡು ಬೋರ್ಡಿನ ಮುಂದೆ ನಿಂತಿದ್ದರು. ಲೆಕ್ಕದ ಮಿಸ್ ಹತ್ತಿರ ಹೋದಳು.

"ಕೊನೆ ಪಿರಿಯಡ್ ನಿಮಗೆ ಬಿಡುವು ಟೀಚರ್. ಮುಂಚಿನ ಬಸ್ಸೇ ಸಿಗತ್ತೆ, ಹೊರಡಿ."

ಅವರು ಹೊರಡಲಿಲ್ಲ. ಬೆರಳು ಬುಧವಾರದ ಸಾಲಿನ ಮೇಲಿತ್ತು. "ಒಂದು, ಎರಡು, ಮೂರು..." ಎಂದು ಒಂದೊಂದು ಕೆಂಪು ಚೌಕವನ್ನೂ ಮುಟ್ಟಿದರು. ಪಟ್ಟಿಯ ಎರಡು ಚೌಕವನ್ನು ಎರಡೆಂದೇ ಎಣಿಸಿದರು.

"ಆರು ಕಡೆ ಇದೀನಿ," ಎಂದರು.

"ಹೌದು ಟೀಚರ್."

"ದೊಡ್ಡ ಮೇಷ್ಟ್ರು ಒಳ್ಳೆಯವರೇ ಕಣಮ್ಮಾ. ಆದ್ರೆ ಎಲ್ಲಾ ಅವರ ತಲೇಲಿ ಇರ್ತಿತ್ತು. ಪ್ರತಿ ವರ್ಷ ಶುರುವಿನಲ್ಲಿ, ಈ ಸಲ ನಾನು ಅವರ ತಲೇಲಿ ಇದೀನೋ ಇಲ್ವೋ ಅಂತ ಹೆದರ್ಕೊಂಡೇ ಬಸ್ ಹತ್ತುತಿದ್ದೆ. ಇಷ್ಟು ವರ್ಷದಲ್ಲಿ ನಾನು ಇಲ್ಲಿಯವಳು ಅಂತ ಬರೆದಿಟ್ಟಿದ್ದು ಇದೇ ಮೊದಲು."

ಮೈದಾನದಿಂದ ಮಕ್ಕಳ ಕೂಗು ಬರುತ್ತಿತ್ತು, ಓಡುತ್ತಲೇ ಯಾರೋ ಎಂಟನೆಯವರ ಸಾಲು ಹಾಡುತ್ತಿದ್ದರು, ಅದಕ್ಕೆ ಇನ್ನೊಂದು ಮೂಲೆಯಿಂದ ಒಂಬತ್ತನೆಯವರು ಉತ್ತರ ಕೊಟ್ಟರು. ಸಂಗೀತದ ಟೀಚರ್ ಕಣ್ಣೊರೆಸಿಕೊಂಡು ನಕ್ಕರು. ಮುಂಚಿನ ಬಸ್ಸು ಹೋದರೆ ಹೋಗಲಿ ಎಂದು ಇಬ್ಬರೂ ಮೆಟ್ಟಿಲ ಮೇಲೆ ಕೂತು, ಪಿರಿಯಡ್ ಮುಗಿಯುವವರೆಗೂ ಕೇಳಿದರು.